ಪ್ರಶ್ನೆ ಈ ಮಗ್ಗುಲಲ್ಲಿ, ಚಿತ್ರ ಆ ಮಗ್ಗುಲಲ್ಲಿ

'ಸಾ, ಹದಿನೇಳನೇ ಪ್ರಶ್ನೆಗೆ ಚಿತ್ರಾನೇ ಇಲ್ಲ!'

ಪಿರಿಯಾಪಟ್ಟಣದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಹತ್ತನೇ ತರಗತಿಯ ವಿಜ್ಞಾನ ಪರೀಕ್ಷೆ ನಡೆಯುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತು ಹೀಗೆಂದನಂತೆ. ಮೇಲ್ವಿಚಾರಣೆಗೆ ಇದ್ದವರು ಸಮಾಜ ವಿಜ್ಞಾನದ ಮೇಷ್ಟ್ರು. 'ಇದ್ದದ್ದನ್ನು ಬರೆಯೋ' ಎಂದು ಕೂರಿಸಿದರು. ಚಿತ್ರವೇನೋ ಇತ್ತು, ಹಾಳೆಯ ಹಿಂಬದಿಯಲ್ಲಿ. ಪ್ರಶ್ನೆ ಮಾತ್ರ ಮುಂಬದಿಯ ತೀರಾ ಕೆಳಗೆ ಕೂತಿತ್ತು. ವಿದ್ಯುತ್ ಮಂಡಲದ ಚಿತ್ರ ಅದು. ರೋಧಕಗಳ ಬೆಲೆಗಳನ್ನು ಚಿತ್ರದೊಳಗೇ ಬರೆದಿದ್ದರಿಂದ ಅದನ್ನು ನೋಡದೆ ಉತ್ತರಿಸುವಂತಿರಲಿಲ್ಲ. ಮೂರು ಅಂಕದ ಪ್ರಶ್ನೆಯನ್ನು ಎಷ್ಟೋ ಮಕ್ಕಳು ಬಿಟ್ಟೇಬಿಟ್ಟರು.

ಆ ಪ್ರಶ್ನೆಪತ್ರಿಕೆ ತಯಾರಿಸಿದವನು ನಾನೇ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ನಾವು ನಾಲ್ವರು ವಿಜ್ಞಾನ ಶಿಕ್ಷಕರು ಅಭ್ಯಾಸ ಪರೀಕ್ಷೆಗೆ ಒಂದೇ ಪತ್ರಿಕೆ ಬಳಸೋಣವೆಂದು ಮಾತಾಡಿಕೊಂಡಿದ್ದೆವು. ಹುಣಸೂರಿನ ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಟೈಪು ಮಾಡಿ, ಅಚ್ಚುಹಾಕಿ ನೋಡಿ, ಎಲ್ಲ ಸರಿಯಿದೆ ಎಂದಮೇಲೇ ಫೈಲನ್ನು ಉಳಿದ ಮೂವರಿಗೆ ಕಳಿಸಿದ್ದೆ. ನಮ್ಮಲ್ಲಿ ಸರಿಯಾಗಿ ಬಂತು. ಕೆ.ಆರ್. ನಗರದಲ್ಲೂ ಸರಿಯಾಗಿ ಬಂತು. ಪಿರಿಯಾಪಟ್ಟಣ ಮತ್ತು ಕೋಟೆಯಲ್ಲಿ ಮಾತ್ರ ಪ್ರಶ್ನೆಯೂ ಚಿತ್ರವೂ ಬೇರೆಯಾದವು. ಇದು ಯಾಕೆ?

ಎಲ್ಲರೂ ಮೊದಲು ಅನುಮಾನಿಸುವುದು ಫಾಂಟನ್ನು. ನುಡಿಯಲ್ಲಿ ಟೈಪಿಸಿದ್ದನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುವುದು ನಮಗೆಲ್ಲ ಗೊತ್ತಿರುವ ಪಾಡು. ಆದರೆ ಇಲ್ಲಿ ಅಕ್ಷರಗಳೆಲ್ಲ ನೆಟ್ಟಗಿದ್ದವು, ಗಾತ್ರವೂ ಬದಲಾಗಿರಲಿಲ್ಲ. ಮೂರೂ ಊರಿನ ಹಾಳೆಗಳನ್ನು ತರಿಸಿ, ನಮ್ಮದರ ಪಕ್ಕ ಇಟ್ಟುಕೊಂಡು, ಸಾಲುಗಳ ಕೊನೆಯ ಪದಗಳನ್ನು ಹೋಲಿಸುತ್ತ ಹೋದೆ. ಪಿರಿಯಾಪಟ್ಟಣದ ಹಾಳೆಯಲ್ಲಿ ಒಂದು ಪ್ರಶ್ನೆಯ ಕಡೆಯ ಪದ ಜಾರಿ ಕೆಳಗಿನ ಸಾಲಿಗೆ ಬಿದ್ದಿತ್ತು. ಕೋಟೆಯ ಹಾಳೆಯಲ್ಲಿ ತದ್ವಿರುದ್ಧ. ಎರಡು ಸಾಲಿನ ಪ್ರಶ್ನೆಯೊಂದು ಒಂದೇ ಸಾಲಾಗಿತ್ತು. ಅಕ್ಷರ ಅದೇ ಇದ್ದು ಸಾಲು ಮುರಿಯುವ ಜಾಗ ಬದಲಾಗಿದೆ ಎಂದರೆ ಬರೆಯುವ ಜಾಗದ ಅಗಲವೇ ಬದಲಾಗಿದೆ ಎಂದರ್ಥ.

ಕಂಪ್ಯೂಟರಿನಲ್ಲಿ Layout ಎಂಬಲ್ಲಿ Size ಒತ್ತಿ ನೋಡಿದೆ. ನನ್ನ ಫೈಲಿನ ಹಾಳೆ A4 ಆಗಿರಲಿಲ್ಲ, Letter ಆಗಿತ್ತು! ಇದು ಅಮೆರಿಕ, ಕೆನಡಾಗಳಲ್ಲಿ ಬಳಸುವ ಹಾಳೆ. ಎಂಟೂವರೆ ಅಂಗುಲ ಅಗಲ, ಹನ್ನೊಂದು ಅಂಗುಲ ಉದ್ದ, ಅಂದರೆ 215.9 ಮತ್ತು 279.4 ಮಿ.ಮೀ. ನಮ್ಮ ಜೆರಾಕ್ಸ್ ಅಂಗಡಿಗಳ A4 ಹಾಳೆ 210 ಮತ್ತು 297 ಮಿ.ಮೀ. ಸುಮಾರು 6 ಮಿ.ಮೀ. ಕಿರಿದು, 17.6 ಮಿ.ಮೀ. ಉದ್ದ. ಕಂಪ್ಯೂಟರನ್ನು ಅಣಿಗೊಳಿಸುವಾಗ ದೇಶವನ್ನು ಅಮೆರಿಕ ಎಂದೇ ಬಿಟ್ಟಿದ್ದರೆ ಹೊಸ ಫೈಲು ಹೀಗೆ Letter ಹಾಳೆಯಲ್ಲಿ ಹುಟ್ಟುವುದುಂಟು. ನಾನದನ್ನು ವರ್ಷಗಟ್ಟಲೆ ಗಮನಿಸಿರಲಿಲ್ಲ.

ಗಮನಿಸದೇ ಹೋದದ್ದಕ್ಕೂ ಕಾರಣವಿದೆ. ಅಚ್ಚು ಹಾಕುವಾಗ Letter ಪುಟವನ್ನು A4 ಹಾಳೆಗೆ ಹೊಂದುವಂತೆ ಕುಗ್ಗಿಸುವ ಏರ್ಪಾಡು ವರ್ಡ್‌ನಲ್ಲಿ ಮೊದಲಿನಿಂದಲೇ ಚಾಲೂ ಇರುತ್ತದೆ. ನೂರಕ್ಕೆ ಮೂರರಷ್ಟು ಕುಗ್ಗಿದರೆ ಯಾರ ಕಣ್ಣಿಗೆ ಕಾಣುತ್ತದೆ? ಸಾಲುಗಳು ಎಲ್ಲಿದ್ದವೋ ಅಲ್ಲೇ ಇರುತ್ತವೆ. ನಮ್ಮಲ್ಲೂ ಕೆ.ಆರ್. ನಗರದಲ್ಲೂ ಆದದ್ದು ಇದೇ.

ಪಿರಿಯಾಪಟ್ಟಣದ ಡಿಟಿಪಿ ಅಂಗಡಿಯ ಹುಡುಗ ನನಗಿಂತ ಚುರುಕು. ಹಾಳೆ Letter ಎಂದಿರುವುದನ್ನು ಕಂಡು, ಉಪಕಾರವೆಂದೇ ಅದನ್ನು A4 ಎಂದು ಬದಲಿಸಿದ. ಆಗ ಪುಟ ಕುಗ್ಗುವುದಿಲ್ಲ, ಪಠ್ಯವೇ ಹೊಸದಾಗಿ ಹರಿದುಕೊಳ್ಳುತ್ತದೆ.

ಲೆಕ್ಕ ಹಾಕಿ ನೋಡೋಣ. ನಾಲ್ಕೂ ಕಡೆ ಒಂದೊಂದು ಅಂಗುಲ ಮಾರ್ಜಿನ್ ಬಿಟ್ಟರೆ Letter ಹಾಳೆಯಲ್ಲಿ ಬರೆಯುವ ಜಾಗ 165.1 ಮಿ.ಮೀ. ಅಗಲ, 228.6 ಮಿ.ಮೀ. ಎತ್ತರ. ನನ್ನ ಪತ್ರಿಕೆಯಲ್ಲಿ ಒಂದು ಸಾಲಿಗೆ ಸುಮಾರು 6 ಮಿ.ಮೀ. ಬೇಕಿತ್ತು. ಹಾಗಾಗಿ ಪುಟಕ್ಕೆ 38 ಸಾಲು. ಹದಿನಾರನೇ ಪ್ರಶ್ನೆಗೆ 31 ಸಾಲು ಮುಗಿದಿತ್ತು. ಹದಿನೇಳು ಹೊಸ ಪುಟದಲ್ಲಿ ಬರಲೆಂದು Enter ಕೀಲಿಯನ್ನು ಏಳು ಸಲ ಒತ್ತಿದ್ದೆ. 31ಕ್ಕೆ 7 ಕೂಡಿದರೆ 38, ಸರಿಹೋಯಿತು. A4ಗೆ ಬದಲಿಸಿದೊಡನೆ ಅಗಲ 159.2 ಮಿ.ಮೀ.ಗೆ ಇಳಿಯಿತು, ಒಂದು ಪ್ರಶ್ನೆ ಒಂದು ಸಾಲು ಬೆಳೆಯಿತು, ಒಟ್ಟು 39. ಆದರೆ ಎತ್ತರ 246.2 ಮಿ.ಮೀ.ಗೆ ಏರಿದ್ದರಿಂದ ಪುಟ ಈಗ 41 ಸಾಲು ಹಿಡಿಯುತ್ತದೆ. ಉಳಿದ ಎರಡು ಸಾಲಿಗೆ ಹದಿನೇಳನೇ ಪ್ರಶ್ನೆ ಬಂದು ಕೂತಿತು. ಎಂಟು ಸಾಲಿನಷ್ಟು ಎತ್ತರದ ಚಿತ್ರ ಹಿಂಬದಿಗೆ ಹೋಯಿತು.

ಕೋಟೆಯ ಗೆಳೆಯರದು ಇನ್ನೊಂದು ಬಗೆ. ತಮ್ಮ ಶಾಲೆಯ ಹೆಸರು ಹಾಕಬೇಕೆಂದು ಇಡೀ ಪಠ್ಯವನ್ನು ನಕಲು ಮಾಡಿ ಲಿಬ್ರೆ ಆಫೀಸಿನ ಹೊಸ ಫೈಲಿಗೆ ಅಂಟಿಸಿ, ನಮ್ಮ ಹೆಸರಿದ್ದ ಕಡೆ ತಮ್ಮದನ್ನು ಬರೆದಿದ್ದರು. ಫೈಲು ತನ್ನ ಹಾಳೆಯ ಅಳತೆಯನ್ನೂ ಮಾರ್ಜಿನ್ನನ್ನೂ ತನ್ನೊಳಗೇ ಹೊತ್ತೊಯ್ಯುತ್ತದೆ. ಆದರೆ ಪಠ್ಯವನ್ನಷ್ಟೇ ಕಿತ್ತು ಬೇರೆ ಫೈಲಿಗೆ ಅಂಟಿಸಿದರೆ ಅಲ್ಲಿನ ಅಳತೆಗೇ ಒಗ್ಗಿಕೊಳ್ಳುತ್ತದೆ. ಲಿಬ್ರೆ ಆಫೀಸಿನ ಹೊಸ ಫೈಲಿನಲ್ಲಿ ಮಾರ್ಜಿನ್ ಎರಡೇ ಸೆಂಟಿಮೀಟರ್. A4ನಲ್ಲಿ ಬರೆಯುವ ಅಗಲ 170 ಮಿ.ಮೀ. ಆಯಿತು, ಪುಟಕ್ಕೆ 42 ಸಾಲು ಬಂತು. ಅಲ್ಲಿ ಪ್ರಶ್ನೆಯ ಕೆಳಗೆ ಮೂರು ಸಾಲು ಖಾಲಿ ಬಿಟ್ಟು ಚಿತ್ರ ಮುಂದಕ್ಕೆ ಹೋಗಿತ್ತು. ವರ್ಡ್‌ನಲ್ಲೂ ಮಾರ್ಜಿನ್ ಎಲ್ಲ ಕಾಲಕ್ಕೂ ಒಂದೇ ಇರಲಿಲ್ಲ. 2003ರ ಆವೃತ್ತಿಯಲ್ಲಿ ಎಡಬಲಕ್ಕೆ ಒಂದೂಕಾಲು ಅಂಗುಲ ಬಿಡುತ್ತಿದ್ದರು, 2007ರಿಂದ ಒಂದಂಗುಲ.

ತಪ್ಪು ಅಂಗಡಿಯ ಹುಡುಗನದಲ್ಲ, ನನ್ನ ಏಳು Enterಗಳದು. ಹೊಸ ಪುಟ ಬೇಕಾದರೆ Ctrl+Enter ಒತ್ತಬೇಕು. ಹಾಳೆ ಯಾವುದಾದರೂ ಮುಂದಿನದು ಹೊಸ ಪುಟದಿಂದಲೇ ಶುರುವಾಗುತ್ತದೆ. ಪ್ರಶ್ನೆಯ ಸಾಲಿನ ಮೇಲೆ ಕರ್ಸರ್ ಇಟ್ಟು Paragraph ಕಿಟಕಿಯಲ್ಲಿ Keep with next ಗುರುತು ಹಾಕಿದರೆ ಅದು ತನ್ನ ಕೆಳಗಿನ ಚಿತ್ರವನ್ನು ಬಿಟ್ಟಿರದು. ಚಿತ್ರವನ್ನು In Line with Text ಎಂದು ಇಟ್ಟಿರಬೇಕು, ಅಷ್ಟೆ. ಇನ್ನು ಹಾಳೆಯ ವಿಚಾರ. Page Setup ಕಿಟಕಿಯಲ್ಲಿ A4 ಆರಿಸಿ, ಮಾರ್ಜಿನ್ ಕೊಟ್ಟು, ಕೆಳಗಿನ Set As Default ಒತ್ತಿದರೆ ಆ ಕಂಪ್ಯೂಟರಿನ ಮುಂದಿನ ಹೊಸ ಫೈಲುಗಳೆಲ್ಲ ಹಾಗೇ ಹುಟ್ಟುತ್ತವೆ. ಹಳೆಯ ಫೈಲುಗಳು ಮಾತ್ರ ಹಳೆಯ ಅಳತೆಯಲ್ಲೇ ಉಳಿಯುತ್ತವೆ. ಕಳೆದ ವರ್ಷದ ಪತ್ರಿಕೆಯನ್ನು ತಿದ್ದಿ ಈ ವರ್ಷಕ್ಕೆ ಬಳಸುವ ಅಭ್ಯಾಸ ನಮ್ಮಲ್ಲಿ ಯಾರಿಗಿಲ್ಲ! ಅಂಥವರು ಪ್ರತಿ ಸಲವೂ ನೋಡಿಕೊಳ್ಳಬೇಕು.

ಪಿ.ಡಿ.ಎಫ್. ಮಾಡಿ ಕಳಿಸಿದರೆ ಸಾಲು ಜಾರುವುದಿಲ್ಲ, ಪುಟ ಇದ್ದಂತೆಯೇ ಹೋಗುತ್ತದೆ. ಆದರೂ ವಿಜ್ಞಾನ, ಗಣಿತದವರಿಗೆ ಒಂದು ಎಚ್ಚರಿಕೆ. Letter ಅಳತೆಯ ಪಿ.ಡಿ.ಎಫ್. ಅನ್ನು Fit ಎಂದು A4ಗೆ ಅಚ್ಚು ಹಾಕಿದರೆ 10 ಸೆಂ.ಮೀ. ಗೆರೆ ಸುಮಾರು 9.7 ಸೆಂ.ಮೀ. ಆಗುತ್ತದೆ. ಕೋನಗಳಿಗೆ ಏನೂ ಆಗದು. ಸ್ಕೇಲಿನಿಂದ ಅಳೆದು ಬರೆಯಬೇಕಾದ ಚಿತ್ರವಿದ್ದರೆ ಮಗು ಸರಿಯಾಗಿ ಅಳೆದೂ ಉತ್ತರ ತಪ್ಪೆನಿಸುತ್ತದೆ. A4ನಲ್ಲೇ ತಯಾರಿಸಿ, Actual size ಎಂದು ಅಚ್ಚು ಹಾಕಿಸಬೇಕು.

ಹದಿನೇಳನೇ ಪ್ರಶ್ನೆಯನ್ನು ಆ ಎರಡು ಶಾಲೆಗಳಲ್ಲಿ ಲೆಕ್ಕದಿಂದ ಕೈಬಿಟ್ಟೆವು. ಮುಂದಿನ ಪರೀಕ್ಷೆಗೆ ನಾಲ್ವರೂ ನೂರಾರು ಪ್ರತಿ ತೆಗೆಸುವ ಮೊದಲು ಒಂದೊಂದೇ ಪ್ರತಿ ಅಚ್ಚು ಹಾಕಿ ಫೋನಿನಲ್ಲಿ ಮಾತಾಡಿದೆವು. 'ಮೊದಲ ಪುಟದ ಕೊನೆಯ ಪದ ಯಾವುದು ಮೇಷ್ಟ್ರೇ?' ಎಂದು ಕೇಳಿದೆ. ಮೂರು ಕಡೆಯಿಂದಲೂ ಒಂದೇ ಪದ ಬಂತು.