ಕೆಳಗಿನಿಂದ ಮೇಲಕ್ಕೆ ಐದು ಸೆಕೆಂಡು

ಶಿಕಾರಿಪುರ ಸೀಮೆಯ ಊರೂರು ಸುತ್ತಿ ವೀರಗಲ್ಲುಗಳ ಕಥೆ ಹೇಳುವ ನಿವೃತ್ತ ಮೇಷ್ಟ್ರೊಬ್ಬರು ನನಗೆ ಪರಿಚಯ. ಭಾನುವಾರಕ್ಕೊಂದರಂತೆ ಯೂಟ್ಯೂಬ್‌ಗೆ ವಿಡಿಯೊ ಹಾಕುತ್ತಾರೆ. ಒಂದು ದಿನ ವಾಟ್ಸಾಪ್‌ನಲ್ಲಿ ಚಾನೆಲ್ಲಿನ ಲೋಗೊ, ಜೊತೆಗೆ ಹತ್ತಾರು ಫೋಟೊ ಕಳಿಸಿ ಫೋನ್ ಮಾಡಿದರು: "ಶುರುವಿಗೊಂದು, ಕೊನೆಗೊಂದು ತುಣುಕು ಮಾಡಿಕೊಡಪ್ಪ. ಒಂದ್ಸಲ ಮಾಡಿಟ್ಟರೆ ಸಾಕು, ಆಮೇಲೆ ವಾರವಾರ ಊರಿನ ಹೆಸರು ಬದಲಾಯಿಸ್ಕೊಂಡು ನಾನೇ ಹಾಕ್ಕೋತೀನಿ."

ಕೆಲಸದ ತಿರುಳೆಲ್ಲ ಆ ಮಾತಿನಲ್ಲೇ ಇತ್ತು. ವರ್ಷವಿಡೀ ಬದಲಾಗದ್ದು ಯಾವುದು, ಪ್ರತಿ ವಾರ ಬದಲಾಗುವುದು ಯಾವುದು ಎಂದು ಮೊದಲೇ ಬೇರ್ಪಡಿಸಿಕೊಂಡರೆ ಟೆಂಪ್ಲೇಟ್ ಅರ್ಧ ಆದಂತೆ. ಮೇಷ್ಟ್ರ ಚಾನೆಲ್ಲಿನಲ್ಲಿ ಬದಲಾಗುವುದು ಊರಿನ ಹೆಸರೊಂದೇ. ಲೋಗೊ, ಹಿನ್ನೆಲೆಯ ಕಲ್ಲು, ಸಂಗೀತ ಎಲ್ಲವೂ ಇದ್ದಲ್ಲೇ ಇರುವಂಥವು.

ತೊಡಕು ಶುರುವಾದದ್ದು ಲೋಗೊದಿಂದ. ಕಳಿಸಿದ್ದು ಜೆಪಿಜಿ ಫೈಲು. ಜೆಪಿಜಿಯಲ್ಲಿ ಪಾರದರ್ಶಕತೆ ಎಂಬುದೇ ಇಲ್ಲ, ಹಾಗಾಗಿ ಕಪ್ಪು ಕಲ್ಲಿನ ಮೇಲಿಟ್ಟೊಡನೆ ಲೋಗೊದ ಸುತ್ತ ಬಿಳಿ ಚೌಕ ಎದ್ದು ಕಂಡಿತು. ಆ ಬಿಳುಪನ್ನು ಅಳಿಸುತ್ತ ಕೂರುವುದಕ್ಕಿಂತ ಮೂಲ ಫೈಲನ್ನು ಹುಡುಕುವುದು ಮೇಲು. ಲೋಗೊ ಮಾಡಿದ ಪ್ರಿಂಟಿಂಗ್ ಅಂಗಡಿಯವರ ಹತ್ತಿರ ಕೋರೆಲ್‌ಡ್ರಾ ಫೈಲು ಹಾಗೇ ಇತ್ತು. ಆದರೆ ಅದರಿಂದ ನೇರವಾಗಿ ತೆಗೆದ ಪಿಡಿಎಫ್ ನನ್ನ ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡ ಇದ್ದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದವು. ಅಂಗಡಿಗಳಲ್ಲಿ ಇಂದಿಗೂ ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳೇ ಹೆಚ್ಚು. ಆ ಫಾಂಟ್ ಇಲ್ಲದ ಕಡೆ ಅಕ್ಷರ ಹೀಗೆ ಕೆಡುತ್ತದೆ. "ಅಕ್ಷರಗಳನ್ನು ಕರ್ವ್ಸ್‌ಗೆ ಕನ್ವರ್ಟ್ ಮಾಡಿ ಪಿಡಿಎಫ್ ಕೊಡಿ" ಎಂದು ಕೇಳಬೇಕು. ಆಗ ಅಕ್ಷರ ಅಕ್ಷರವಾಗಿ ಉಳಿಯದೆ ಬರೀ ಗೆರೆಯ ಆಕಾರವಾಗುತ್ತದೆ, ಯಾವ ಕಂಪ್ಯೂಟರಿಗೆ ಹೋದರೂ ಕೆಡುವುದಿಲ್ಲ. ಅದನ್ನು ಇಂಕ್‌ಸ್ಕೇಪ್‌ನಲ್ಲಿ ತೆರೆದು, ಹಿಂದಿನ ಬಿಳಿ ಚೌಕವನ್ನು ತೆಗೆದು, 1000 ಪಿಕ್ಸೆಲ್ ಅಗಲದ ಪಿಎನ್‌ಜಿ ಮಾಡಿಕೊಂಡೆ. ಪರದೆಯ ಮೇಲೆ ಅದು ಕಾಣುವುದು 400 ಪಿಕ್ಸೆಲ್ ಅಗಲಕ್ಕೆ. ದೊಡ್ಡದನ್ನು ಕುಗ್ಗಿಸಿದರೆ ಅಂಚು ಚೊಕ್ಕವಾಗಿರುತ್ತದೆ, ಚಿಕ್ಕದನ್ನು ಹಿಗ್ಗಿಸಿದರೆ ಮಸುಕಾಗುತ್ತದೆ. ಪಿಎನ್‌ಜಿಯನ್ನು ಒಮ್ಮೆ ಕಡುಕೆಂಪು ಹಿನ್ನೆಲೆಯ ಮೇಲಿಟ್ಟು ನೋಡಿ. ಅಂಚಿನಲ್ಲಿ ಬಿಳಿ ಎಳೆ ಉಳಿದಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

ಫೋಟೊಗಳನ್ನೂ ಮತ್ತೆ ತರಿಸಿಕೊಳ್ಳಬೇಕಾಯಿತು. ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗುತ್ತದೆ; ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲ ಅಳತೆಯಲ್ಲೇ ಬರುತ್ತದೆ. ಹಾಗೆ ಬಂದವುಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು: 3000 ಪಿಕ್ಸೆಲ್ ಅಗಲ, 4000 ಪಿಕ್ಸೆಲ್ ಎತ್ತರ, ಚೌಕಟ್ಟಿನ ತುಂಬ ಒಂದೇ ವೀರಗಲ್ಲು. ವೀರಗಲ್ಲನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಲಿಂಗ, ಸೂರ್ಯ ಚಂದ್ರ. ಇಂಟ್ರೊದಲ್ಲಿ ಕ್ಯಾಮೆರಾ ಚಲಿಸಬೇಕಾದ ದಿಕ್ಕನ್ನು ಕಲ್ಲೇ ತೋರಿಸಿಕೊಟ್ಟಿತ್ತು.

ಆದರೆ ವಿಡಿಯೊ ಅಡ್ಡ, ಫೋಟೊ ಉದ್ದ. ಪರದೆ 1920 ಅಗಲ, 1080 ಎತ್ತರ. ಫೋಟೊವನ್ನು ಪೂರ್ತಿ ಅಗಲಕ್ಕೆ ಹಿಗ್ಗಿಸಿದರೆ ಅದರ ಎತ್ತರ 2560 ಆಗುತ್ತದೆ, ಅಂದರೆ 1480 ಪಿಕ್ಸೆಲ್ ದೂರ ಸರಿಯಬೇಕು. ಐದು ಸೆಕೆಂಡಿಗೆ ಫ್ರೇಮುಗಳು 150. ಫ್ರೇಮಿಗೆ ಹತ್ತಿರ ಹತ್ತು ಪಿಕ್ಸೆಲ್ ನೆಗೆತ. ಮಾಡಿ ನೋಡಿದೆ. ಕಲ್ಲು ತಡೆತಡೆದು ಓಡಿತು, ಕೆತ್ತನೆ ಕಣ್ಣಿಗೆ ಸಿಗಲೇ ಇಲ್ಲ. ಆಮೇಲೆ ಫೋಟೊವನ್ನು ಪರದೆಯ ಬಲ ಅರ್ಧಕ್ಕೆ, 960 ಅಗಲಕ್ಕೆ ಕೂರಿಸಿದೆ. ಈಗ ಎತ್ತರ 1280, ಸರಿಯಬೇಕಾದದ್ದು 200 ಪಿಕ್ಸೆಲ್ ಮಾತ್ರ, ಫ್ರೇಮಿಗೆ ಒಂದೂವರೆಗಿಂತ ಕಡಿಮೆ. ಕಲ್ಲು ಹೆಚ್ಚುಕಡಿಮೆ ಪೂರ್ತಿ ಕಾಣುತ್ತ, ಯುದ್ಧದಿಂದ ಲಿಂಗದ ಕಡೆಗೆ ಮೆಲ್ಲಗೆ ಏರುತ್ತದೆ. ಎಡ ಅರ್ಧಕ್ಕೆ ಕಲ್ಲಿನ ನೆರಳಿನಿಂದಲೇ ಆಯ್ದ ಕಡುಬೂದು ಬಣ್ಣ. ಮೇಲೆ ಲೋಗೊ, ಕೆಳಗೆ ಊರಿನ ಹೆಸರು.

ಇದನ್ನೆಲ್ಲ ಮಾಡಿದ್ದು ಉಚಿತವಾಗಿ ಸಿಗುವ ಕೆಡೆನ್‌ಲೈವ್‌ನಲ್ಲಿ. ಫೋಟೊದ ಚಲನೆಗೆ ಅದರ `Transform` ಎಫೆಕ್ಟು; ಶುರುವಿಗೊಂದು, ಕೊನೆಗೊಂದು ಕೀಫ್ರೇಮ್ ಇಟ್ಟರೆ ಸಾಕು. ಪ್ರಾಜೆಕ್ಟನ್ನು 30 ಫ್ರೇಮಿಗೆ ಹೊಂದಿಸಿದ್ದು ಮೇಷ್ಟ್ರ ಫೋನ್ ಚಿತ್ರೀಕರಿಸುವುದೂ ಅಷ್ಟಕ್ಕೇ ಎಂಬ ಕಾರಣಕ್ಕೆ.

ಬದಲಾಗುವ ಹೆಸರಿಗೆ ಕೆಡೆನ್‌ಲೈವ್‌ನಲ್ಲಿ ಒಂದು ಸೊಗಸಾದ ದಾರಿ ಇದೆ. ಟೈಟಲ್ ಮಾಡುವಾಗ ಊರಿನ ಹೆಸರಿನ ಬದಲು `%s` ಎಂದು ಟೈಪ್ ಮಾಡಿ, ಫಾಂಟು, ಬಣ್ಣ, ಜಾಗ ಎಲ್ಲ ಗೊತ್ತುಮಾಡಿ ಉಳಿಸಿಡಬೇಕು. ಮುಂದಿನ ವಾರ `Add Template Title` ಒತ್ತಿ ಆ ಫೈಲನ್ನು ಆರಿಸಿ, ಹೆಸರು ಬರೆದರೆ `%s` ಇದ್ದಲ್ಲಿ ಅದು ಬಂದು ಕೂರುತ್ತದೆ. ಅಲಂಕಾರವನ್ನು ಯಾರೂ ಮುಟ್ಟುವಂತಿಲ್ಲ. ಇಲ್ಲಿ ಫಾಂಟು ಯೂನಿಕೋಡ್ ಆಗಿರಲೇಬೇಕು. ನಾನು ಆರಿಸಿದ್ದು ನೋಟೊ ಸಾನ್ಸ್ ಕನ್ನಡ. ಪರೀಕ್ಷೆಗೆ "ಸೊರಬ" ಎಂದು ಬರೆದು ಚೆನ್ನಾಗಿದೆ ಅಂದುಕೊಂಡರೆ ಮೋಸ ಹೋದಂತೆ. "ಬಳ್ಳಿಗಾವಿ" ಬರೆದು ಒತ್ತಕ್ಷರ ಕೆಳಗಿನ ಗೆರೆಗೆ ತಾಗುತ್ತದೆಯೇ ನೋಡಬೇಕು. "ಹಿರೇಜಂಬೂರು" ಬರೆದು ಕೊನೆಯ ಅಕ್ಷರ ಕಲ್ಲಿನ ಮೇಲೆ ಹತ್ತುತ್ತದೆಯೇ ನೋಡಬೇಕು. ನನ್ನದು ಹತ್ತಿತು; ಅಕ್ಷರದ ಗಾತ್ರ ಇಳಿಸಿದೆ.

ಕಲ್ಲು, ಲೋಗೊ, ಸಂಗೀತ ಸೇರಿದ ಸ್ಥಿರ ಭಾಗವನ್ನು ಒಮ್ಮೆಗೇ ವಿಡಿಯೊ ಆಗಿ ರೆಂಡರ್ ಮಾಡಿಟ್ಟೆ. ಹಾಗೆ ಮಾಡದಿದ್ದರೆ ಮೇಷ್ಟ್ರು ಎಂದಾದರೂ ಫೋಟೊ ಫೋಲ್ಡರನ್ನು ಬೇರೆಡೆ ಸರಿಸಿದ ದಿನ ಟೆಂಪ್ಲೇಟ್ ತನ್ನ ಚಿತ್ರಗಳನ್ನು ಹುಡುಕುತ್ತ ನಿಲ್ಲುತ್ತದೆ. ಈಗ ಅವರ ಫೋಲ್ಡರಿನಲ್ಲಿರುವುದು ಮೂರೇ ಫೈಲು: ಇಂಟ್ರೊ, ಔಟ್ರೊ, ಹೆಸರಿನ ಟೈಟಲ್. ಸಂಗೀತವನ್ನು ಯೂಟ್ಯೂಬಿನ ಆಡಿಯೊ ಲೈಬ್ರರಿಯಿಂದಲೇ ಆಯ್ದುಕೊಂಡೆವು. ಸಿನಿಮಾ ಹಾಡಿನ ತುಣುಕು ಹಾಕಿದ್ದರೆ ಹಕ್ಕಿನ ತಕರಾರು ಒಂದು ವಿಡಿಯೊಗೆ ನಿಲ್ಲದೆ ಪ್ರತಿ ವಾರವೂ ಬರುತ್ತಿತ್ತು.

ಔಟ್ರೊಗೆ ಅಳತೆ ಹಾಕಿಕೊಡುವುದು ಯೂಟ್ಯೂಬೇ. ಬೇರೆ ವಿಡಿಯೊಗಳನ್ನೂ ಸಬ್‌ಸ್ಕ್ರೈಬ್ ಗುಂಡಿಯನ್ನೂ ತೋರಿಸುವ ಎಂಡ್ ಸ್ಕ್ರೀನ್ ವಿಡಿಯೊದ ಕೊನೆಯ 5ರಿಂದ 20 ಸೆಕೆಂಡುಗಳಲ್ಲಿ ಮಾತ್ರ ಬರಬಲ್ಲದು. ಅದಕ್ಕೇ ಔಟ್ರೊವನ್ನು ಸರಿಯಾಗಿ 20 ಸೆಕೆಂಡಿಗೆ ಮಾಡಿದೆ: ಕೆರೆ ಏರಿಯ ಮೇಲಿನ ಕಲ್ಲುಗಳ ಅಡ್ಡ ಫೋಟೊ, ಅರ್ಧದಷ್ಟು ಕಪ್ಪಾಗಿಸಿ, ಅಲುಗಾಡದಂತೆ. ಬಲಕ್ಕೆ ವಿಡಿಯೊ ಪೆಟ್ಟಿಗೆಗೆ, ಎಡಕ್ಕೆ ದುಂಡನೆಯ ಗುಂಡಿಗೆ ಜಾಗ ಖಾಲಿ ಬಿಟ್ಟಿದೆ. ಮೊದಲ ಪ್ರಯತ್ನದಲ್ಲಿ "ಮುಂದಿನ ಭಾನುವಾರ ಸಿಗೋಣ" ಎಂದು ನಡುವೆ ದೊಡ್ಡದಾಗಿ ಬರೆದಿದ್ದೆ. ಯೂಟ್ಯೂಬ್ ಪೆಟ್ಟಿಗೆ ಬಂದು "ಭಾನುವಾರ"ದ ಮೇಲೇ ಕೂತಿತು. ಈಗ ಆ ಮಾತನ್ನು ಮೇಷ್ಟ್ರು ಬಾಯಲ್ಲೇ ಹೇಳುತ್ತಾರೆ. ಎಂಡ್ ಸ್ಕ್ರೀನ್ ಜೋಡಿಸುವಾಗ ಹಿಂದಿನ ವಿಡಿಯೊದಿಂದ ತೆಗೆದುಕೊಳ್ಳುವ ಆಯ್ಕೆ `Import from video` ಇದೆ. ಔಟ್ರೊ ಪ್ರತಿ ವಾರ ಒಂದೇ ಆಗಿರುವುದರಿಂದ ಪೆಟ್ಟಿಗೆಗಳು ತಮ್ಮ ಜಾಗದಲ್ಲೇ ಬಂದು ನಿಲ್ಲುತ್ತವೆ.

ಇಂಟ್ರೊ ಎಲ್ಲಿ ಬರಬೇಕು ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಮತಭೇದವಾಯಿತು. ಅವರಿಗೆ ಅದು ಮೊಟ್ಟಮೊದಲಿಗೆ ಬೇಕಿತ್ತು. ಹಾಗೇ ಹಾಕಿ ನೋಡಿದೆವು. ನೋಡುಗರು ಎಲ್ಲಿ ಬಿಟ್ಟುಹೋಗುತ್ತಾರೆಂದು ತೋರಿಸುವ ಯೂಟ್ಯೂಬ್ ಸ್ಟುಡಿಯೊದ ಗೆರೆ ಲೋಗೊ ಬರುವಲ್ಲೇ ದಡಕ್ಕನೆ ಇಳಿದಿತ್ತು. ಮುಂದಿನ ವಾರ ಮೇಷ್ಟ್ರು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ವೀರನ ಕೈಯ ಬಿಲ್ಲಿಗೆ ಬೆರಳಿಟ್ಟು, "ಇವನು ದನ ಬಿಡಿಸೋಕೆ ಹೋಗಿ ಸತ್ತ" ಅಂದರು. ಇಂಟ್ರೊ ಬಂದದ್ದು ಅದಾದ ಮೇಲೆ.