ನ್ಯಾಪಿ ಒಗೆತ: ಐದು ನಂಬಿಕೆ, ಐದು ಸತ್ಯ

ಹಳೆಯ ಹತ್ತಿ ಸೀರೆಯನ್ನೋ ಪಂಚೆಯನ್ನೋ ಹರಿದು ಮಡಿಸಿದ ಲಂಗೋಟಿ ಇರಲಿ, ಅಂಗಡಿಯಿಂದ ತಂದ ಬಟ್ಟೆಯ ನ್ಯಾಪಿ ಇರಲಿ, ಹಸುಗೂಸಿರುವ ಮನೆಯಲ್ಲಿ ದಿನಕ್ಕೆ ಹತ್ತು ಹನ್ನೆರಡಾದರೂ ಒಗೆತಕ್ಕೆ ಬೀಳುತ್ತವೆ. ಒಗೆಯುವವರಿಗೆ ಎರಡು ಚಿಂತೆ. ರೋಗಾಣು ಉಳಿಯಬಾರದು, ಸೋಪೂ ಉಳಿಯಬಾರದು. ರೋಗಾಣು ಸಾಯಲಿ ಎಂದು ಹೆಚ್ಚು ಸೋಪು, ಔಷಧಿ ಹಾಕಿದರೆ ಮಗುವಿನ ಚರ್ಮ ಕೆಂಪಾಗುತ್ತದೆ. ಚರ್ಮಕ್ಕೆ ಹೆದರಿ ಬರೀ ನೀರಲ್ಲಿ ಅದ್ದಿ ತೆಗೆದರೆ ಕೊಳೆ ಉಳಿಯುತ್ತದೆ. ಇವೆರಡೂ ಒಂದಕ್ಕೊಂದು ವಿರುದ್ಧ ಎನಿಸುವುದಕ್ಕೆ ಕಾರಣ ಕೆಲವು ತಪ್ಪು ಕಲ್ಪನೆಗಳು. ನಿಜದಲ್ಲಿ ರೋಗಾಣುವೂ ಸೋಪೂ ಬಟ್ಟೆಯಿಂದ ಹೊರಗೆ ಹೋಗುವ ದಾರಿ ಒಂದೇ.

ತಪ್ಪು ಕಲ್ಪನೆ 1: ಎದೆಹಾಲು ಕುಡಿಯುವ ಮಗುವಿನ ಉಚ್ಚೆಗೆ ದೋಷವಿಲ್ಲ, ಒಣಗಿಸಿ ಮತ್ತೆ ಕಟ್ಟಬಹುದು

ಸತ್ಯ: ಆಗ ತಾನೇ ಹೊಯ್ದ ಉಚ್ಚೆಗೆ ವಾಸನೆ ಕಡಿಮೆ ಎಂಬುದು ನಿಜ. ತೊಂದರೆ ಶುರುವಾಗುವುದು ಆಮೇಲೆ. ಬಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳು ಉಚ್ಚೆಯ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಬೆಳಿಗ್ಗೆ ನ್ಯಾಪಿ ಬಿಚ್ಚಿದಾಗ ಮೂಗಿಗೆ ರಪ್ಪನೆ ಬಡಿಯುವ ಘಾಟು ಇದೇ. ಅಮೋನಿಯಾ ಇದ್ದಲ್ಲಿ ಚರ್ಮದ ಸಹಜ ಆಮ್ಲೀಯ ಗುಣ ಕಡಿಮೆಯಾಗಿ ಕ್ಷಾರ ಹೆಚ್ಚುತ್ತದೆ. ಮಲದಲ್ಲಿರುವ ಕಿಣ್ವಗಳು ಕ್ಷಾರದಲ್ಲಿ ಚುರುಕಾಗಿ, ಒದ್ದೆಯಾಗಿ ಮೆತ್ತಗಾದ ಚರ್ಮವನ್ನು ಕೆರಳಿಸುತ್ತವೆ. ನ್ಯಾಪಿ ಗುಳ್ಳೆಗಳಿಗೆ ಇದು ಮುಖ್ಯ ಕಾರಣ. ತೊಳೆಯದೆ ಒಣಗಿಸಿದ ಬಟ್ಟೆಯಲ್ಲಿ ಉಪ್ಪು, ಯೂರಿಯಾ, ಬ್ಯಾಕ್ಟೀರಿಯಾ ಎಲ್ಲವೂ ಹಾಗೇ ಇರುತ್ತವೆ. ಮತ್ತೆ ಒದ್ದೆಯಾದ ಕೂಡಲೇ ಕೆಲಸ ಮುಂದುವರಿಯುತ್ತದೆ.

ಮಗುವಿನ ಮಲವೂ ನಿರಪಾಯವಲ್ಲ. ದೊಡ್ಡವರ ಮಲದಂತೆ ಅದರಲ್ಲೂ ಭೇದಿ ತರುವ ವೈರಸ್, ಬ್ಯಾಕ್ಟೀರಿಯಾ ಇರಬಹುದು. ಆದ್ದರಿಂದ ಮಲವನ್ನು ಕಕ್ಕಸಿಗೆ ಹಾಕಿ, ಬಟ್ಟೆಯನ್ನು ತಣ್ಣೀರಿನ ಧಾರೆಯಲ್ಲಿ ತೊಳೆದು, ಆಮೇಲೆ ಸೋಪಿಗೆ ಹಾಕಬೇಕು. ಮೊದಲಿಗೇ ಬಿಸಿನೀರು ಹಾಕಿದರೆ ಮಲದ ಪ್ರೋಟೀನ್ ಬಟ್ಟೆಗೆ ಅಂಟಿ ಕಲೆ ಗಟ್ಟಿಯಾಗುತ್ತದೆ. ಒಗೆಯುವುದು ತಡವಾದರೆ ಹೀಗೆ ತೊಳೆದು ಹಿಂಡಿದ ನ್ಯಾಪಿಗಳನ್ನು ಮುಚ್ಚಳದ ಬಕೆಟ್‌ನಲ್ಲಿ ನೀರಿಲ್ಲದೆ ಇಡಿ. ದಿನವಿಡೀ ನೀರಿನಲ್ಲಿ ನೆನೆಹಾಕಿದರೆ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಂತೂ ತುಂಬಿದ ಬಕೆಟ್ ಪ್ರಾಣಕ್ಕೇ ಅಪಾಯ.

ತಪ್ಪು ಕಲ್ಪನೆ 2: ಬಿಸಿನೀರಲ್ಲಿ ಒಗೆದರೆ ರೋಗಾಣು ಸಾಯುತ್ತವೆ

ಸತ್ಯ: ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದರ ಮೇಲೆ ಹೋಗುತ್ತದೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಬಟ್ಟೆಯನ್ನು ಶಾಖದಿಂದ ಸೋಂಕುಮುಕ್ತ ಮಾಡಲು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 10 ನಿಮಿಷ, ಇಲ್ಲವೇ 71 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ ಇಡಬೇಕೆಂಬ ನಿಯಮವಿದೆ. ನಮ್ಮ ಕೈ ತಾಳುವುದು ಹೆಚ್ಚೆಂದರೆ 45 ಡಿಗ್ರಿಯ ಆಸುಪಾಸು. ಅಂದರೆ ಕೈ ಹಾಕಿ ಉಜ್ಜಬಹುದಾದ ಬಿಸಿನೀರು ಜಿಡ್ಡನ್ನು ಸಡಿಲಿಸುತ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ.

ಹಾಗೆಂದು ದಿನವೂ ಕುದಿಸಬೇಕಿಲ್ಲ. ಆರೋಗ್ಯವಂತ ಮಗುವಿನ ಬಟ್ಟೆಯಿಂದ ಕೊಳೆಯ ಜೊತೆ ಬಹುಪಾಲು ರೋಗಾಣುಗಳೂ ನೀರಿನಲ್ಲಿ ಕೊಚ್ಚಿಹೋದರೆ ಸಾಕು. ಉಳಿದ ಕೆಲಸವನ್ನು ಬಿಸಿಲು ಮಾಡುತ್ತದೆ. ಬಟ್ಟೆ ಪೂರ್ತಿ ಒಣಗಿದಾಗ ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ತೇವ ಸಿಗುವುದಿಲ್ಲ, ಬಿಸಿಲಿನ ನೇರಳಾತೀತ ಕಿರಣವೂ ಅವುಗಳನ್ನು ತಗ್ಗಿಸುತ್ತದೆ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಮನೆಗಳಲ್ಲಿ ಬಟ್ಟೆ ಎರಡು ದಿನವಾದರೂ ಮುಗ್ಗಲು ಹಿಡಿದಂತೆ ಇರುತ್ತದೆ. ಆಗ ಅರೆ ಒಣಗಿದ ಹತ್ತಿ ಬಟ್ಟೆಗೆ ಎರಡೂ ಬದಿ ಚೆನ್ನಾಗಿ ಬಿಸಿ ಇಸ್ತ್ರಿ ಹಾಕುವುದು ಒಳ್ಳೆಯ ಉಪಾಯ.

ಮಗುವಿಗೆ ಭೇದಿಯಾಗಿದ್ದರೆ, ಚರ್ಮಕ್ಕೆ ಶಿಲೀಂಧ್ರದ ಸೋಂಕು ತಗುಲಿದ್ದರೆ ಆ ದಿನಗಳಲ್ಲಿ ಕುದಿಸಿ. ಅದಕ್ಕೂ ಕ್ರಮವಿದೆ. ಮೊದಲು ಒಗೆದು ಕೊಳೆ ತೆಗೆದ ಹತ್ತಿ ಬಟ್ಟೆಯನ್ನು ಮುಳುಗುವಷ್ಟು ನೀರಿನಲ್ಲಿ ಹಾಕಿ, ನೀರು ಕೊತಕೊತ ಕುದಿಯಲು ಶುರುವಾದ ಮೇಲೆ 10 ನಿಮಿಷ ಬಿಡಿ. ಪ್ಲಾಸ್ಟಿಕ್ ಪದರವಿರುವ ನ್ಯಾಪಿಯ ಹೊರಕವಚವನ್ನು, ಎಲಾಸ್ಟಿಕ್ ಇರುವುದನ್ನು ಕುದಿಸಬಾರದು. ಪದರ ಬಿಟ್ಟುಕೊಂಡು ಸೋರಲು ಶುರುವಾಗುತ್ತದೆ. ಅವಕ್ಕೆ ಲೇಬಲ್ಲಿನಲ್ಲಿ ಬರೆದಿರುವ ಉಷ್ಣತೆಯೇ ಮಿತಿ.

ತಪ್ಪು ಕಲ್ಪನೆ 3: ಕೊನೆಯ ನೀರಿಗೆ ನಾಲ್ಕು ಹನಿ ಆಂಟಿಸೆಪ್ಟಿಕ್ ಹಾಕಿ ಹಾಗೇ ಒಣಗಿಸಿದರೆ ಒಳ್ಳೆಯದು

ಸತ್ಯ: ಕೊನೆಯ ನೀರಿಗೆ ಹಾಕಿದ್ದು ಬಟ್ಟೆಯಲ್ಲೇ ಉಳಿಯುತ್ತದೆ. ಉಚ್ಚೆಯಲ್ಲಿ ಮತ್ತೆ ನೆನೆದು, ಗಾಳಿಯಾಡದ ಜಾಗದಲ್ಲಿ ಗಂಟೆಗಟ್ಟಲೆ ಮಗುವಿನ ಚರ್ಮಕ್ಕೆ ತಾಗಿರುತ್ತದೆ. ಇದರ ಅತಿರೇಕದ ಉದಾಹರಣೆ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1967ರಲ್ಲಿ ನಡೆಯಿತು. ಒಂದು ಆಸ್ಪತ್ರೆಯ ನವಜಾತ ಶಿಶುಗಳು ಇದ್ದಕ್ಕಿದ್ದಂತೆ ಮೈಯೆಲ್ಲ ಬೆವರಿ, ಏದುಸಿರು ಬಿಡತೊಡಗಿದವು. ಇಬ್ಬರು ಶಿಶುಗಳು ತೀರಿಕೊಂಡರು. ಹುಡುಕಿದಾಗ ಸಿಕ್ಕಿದ್ದು ಲಾಂಡ್ರಿಯಲ್ಲಿ ಬಟ್ಟೆ ಜಾಲಿಸುವಾಗ ಬಳಸಿದ್ದ ರೋಗಾಣುನಾಶಕ. ಅದರಲ್ಲಿದ್ದ ಸೋಡಿಯಂ ಪೆಂಟಾಕ್ಲೋರೋಫಿನೇಟ್ ನ್ಯಾಪಿ, ಹೊದಿಕೆಗಳಲ್ಲಿ ಉಳಿದು ಚರ್ಮದ ಮೂಲಕ ಮೈ ಸೇರಿತ್ತು.

ಇಂದು ಮನೆಯಲ್ಲಿರುವ ಆಂಟಿಸೆಪ್ಟಿಕ್ ಅದೇ ರಾಸಾಯನಿಕವಲ್ಲ, ಅದರಿಂದ ಆ ಮಟ್ಟದ ಅನಾಹುತ ಆಗುವುದಿಲ್ಲ. ಆದರೆ ಚರ್ಮ ಕೆರಳುವುದಕ್ಕೆ ಅದು ಸಾಕು. ಹಾಕಲೇಬೇಕಾದ ಸಂದರ್ಭ ಬಂದರೆ ಸೀಸೆಯ ಮೇಲೆ ಬಟ್ಟೆಗೆಂದು ಹೇಳಿದ ಅಳತೆಯಲ್ಲಿ ನೆನೆಸಿ, ಆಮೇಲೆ ಬರೀ ನೀರಿನಲ್ಲಿ ಜಾಲಿಸಿ. ವಾಸನೆ ಉಳಿದಿದ್ದರೆ ಔಷಧಿಯೂ ಉಳಿದಿದೆ ಎಂದೇ ಅರ್ಥ.

ತಪ್ಪು ಕಲ್ಪನೆ 4: ನೊರೆ ಹೆಚ್ಚಿದಷ್ಟೂ ಬಟ್ಟೆ ಸ್ವಚ್ಛ, ಬಿರುಸಾದರೆ ಸಾಫ್ಟನರ್ ಹಾಕಬೇಕು

ಸತ್ಯ: ಕೊಳೆಯನ್ನು ಸಡಿಲಿಸಲು ಸೋಪು ಬೇಕು. ಅದಕ್ಕಿಂತ ಹೆಚ್ಚು ಹಾಕಿದ್ದೆಲ್ಲ ಜಾಲಿಸಿ ತೆಗೆಯಬೇಕಾದ ಹೊರೆ. ಬೋರ್‌ವೆಲ್ ನೀರಿನ ಊರುಗಳಲ್ಲಿ ಇದರ ತೊಂದರೆ ಹೆಚ್ಚು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನೊಂದಿಗೆ ಸೇರಿ ನೀರಲ್ಲಿ ಕರಗದ ಜಿಡ್ಡುಗಸಿಯಾಗುತ್ತವೆ. ಬಕೆಟ್ಟಿನ ಅಂಚಿಗೆ ಬೂದು ಬಣ್ಣದ ಪಟ್ಟಿಯಾಗಿ ಅಂಟುವುದು ಅದೇ. ಅದು ನೂಲಿನ ಎಳೆಗಳಿಗೂ ಅಂಟುತ್ತದೆ. ಆಗ ನ್ಯಾಪಿ ಹಪ್ಪಳದಂತೆ ಬಿರುಸಾಗುತ್ತದೆ, ಬಿಳುಪು ಮಾಸುತ್ತದೆ, ಉಚ್ಚೆ ಹೀರುವುದಿಲ್ಲ. ಇದಕ್ಕೆ ಸಾಫ್ಟನರ್ ಹಾಕಿದರೆ ಜಿಡ್ಡಿನ ಮೇಲೆ ಇನ್ನೊಂದು ಪದರ ಕೂರುತ್ತದೆ. ಮುಟ್ಟಲು ಮೆತ್ತಗೆ, ಹೀರುವುದು ಇನ್ನೂ ಕಡಿಮೆ.

ಉಳಿಕೆ ಇದೆಯೋ ಇಲ್ಲವೋ ತಿಳಿಯಲು ಎರಡು ಸುಲಭ ಪರೀಕ್ಷೆಗಳಿವೆ. ಒಗೆದು ಒಣಗಿದ ನ್ಯಾಪಿಯ ಮೇಲೆ ಒಂದು ಹನಿ ನೀರು ಬಿಡಿ. ಹನಿ ಕೂಡಲೇ ಇಂಗಿದರೆ ಸರಿ, ಮುತ್ತಿನಂತೆ ನಿಂತು ಜಾರಿದರೆ ಜಿಡ್ಡು ಕೂತಿದೆ. ಇನ್ನೊಂದು ನ್ಯಾಪಿಯನ್ನು ಸ್ಟೀಲ್ ಪಾತ್ರೆಯಲ್ಲಿ ಮಳೆನೀರು ಅಥವಾ ಫಿಲ್ಟರ್ ನೀರು ಹಾಕಿ ಹಿಸುಕಿ. ಸೋಪು ಹಾಕದೆಯೂ ನೊರೆ ಬಂದರೆ, ನೀರು ಹಾಲಿನಂತೆ ಮಬ್ಬಾದರೆ ಜಾಲಿಸಿದ್ದು ಸಾಲದು.

ಪರೀಕ್ಷೆಯಲ್ಲಿ ಸೋತ ಹತ್ತಿ ನ್ಯಾಪಿಗಳನ್ನು ಸರಿಪಡಿಸಬಹುದು. ಒಂದು ಪಾಲು ಕುದಿಯುವ ನೀರಿಗೆ ಒಂದು ಪಾಲು ತಣ್ಣೀರು ಬೆರೆಸಿದರೆ ಸುಮಾರು 60 ಡಿಗ್ರಿ ಬರುತ್ತದೆ. ಕಾವೇರಿ ನೀರು ಅಥವಾ ಮಳೆನೀರಿನಂಥ ಮೆದು ನೀರು ಸಿಕ್ಕರೆ ಉತ್ತಮ. ಅದಕ್ಕೆ ಬಾರ್ ಸೋಪಿನ ಬದಲು ಪರಿಮಳವಿಲ್ಲದ ದ್ರವ ಡಿಟರ್ಜೆಂಟ್ ಒಂದು ಚಮಚ ಹಾಕಿ. ಡಿಟರ್ಜೆಂಟ್ ಗಡಸು ನೀರಲ್ಲಿ ಸಾಬೂನಿನಷ್ಟು ಗಸಿ ಕಟ್ಟುವುದಿಲ್ಲ. ಅರ್ಧ ಗಂಟೆ ನೆನೆಸಿ, ಕೋಲಿನಿಂದ ತಿರುವಿ, ಆರಿದ ಮೇಲೆ ಹಿಸುಕಿ ಹಿಂಡಿ.

ಇನ್ನು ಜಾಲಿಸುವುದು. ಒಂದು ಹೊರೆ ನ್ಯಾಪಿ ಹಿಂಡಿದ ಮೇಲೂ ಅದರಲ್ಲಿ 1 ಲೀಟರ್ ಸೋಪುನೀರು ಉಳಿದಿದೆ, ಜಾಲಿಸಲು ನಿಮ್ಮಲ್ಲಿ 27 ಲೀಟರ್ ನೀರಿದೆ ಎಂದುಕೊಳ್ಳಿ. ಎಲ್ಲ ನೀರನ್ನೂ ಒಮ್ಮೆಗೇ ಬಳಸಿ ಹಿಂಡಿದರೆ ನೀರಲ್ಲಿ ಕರಗಿದ ಸೋಪಿನ 28ನೇ ಒಂದು ಪಾಲು ಬಟ್ಟೆಯಲ್ಲಿ ಉಳಿಯುತ್ತದೆ. ಅದೇ ನೀರನ್ನು 9 ಲೀಟರ್‌ನಂತೆ ಮೂರು ಸಲ ಮಾಡಿ, ಪ್ರತಿ ಸಲವೂ ಹಿಂಡಿದರೆ ಪ್ರತಿ ಬಾರಿ ಹತ್ತರಲ್ಲಿ ಒಂದು ಪಾಲಾಗುತ್ತಾ ಬಂದು ಕೊನೆಗೆ ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ. ಸರಿಯಾಗಿ ಹಿಂಡದೆ 3 ಲೀಟರ್ ಬಿಟ್ಟರೆ ಮೂರು ಸಲ ಜಾಲಿಸಿಯೂ 64ರಲ್ಲಿ ಒಂದು ಪಾಲು ಹಾಗೇ ಇರುತ್ತದೆ. ಅಂದರೆ ಹಿಂಡುವುದು ನೀರಿನಷ್ಟೇ ಮುಖ್ಯ. ಬಟ್ಟೆಯಿಂದ ಸಡಿಲಗೊಂಡ ರೋಗಾಣುಗಳೂ ಇದೇ ದಾರಿಯಲ್ಲಿ ಹೊರಗೆ ಹೋಗುತ್ತವೆ. ವಾಷಿಂಗ್ ಮಷಿನ್ ಇದ್ದವರು ಡ್ರಮ್ಮಿನ ಮೂರನೇ ಒಂದು ಭಾಗ ಖಾಲಿ ಬಿಟ್ಟು, ಜಾಲಿಸುವ ಸುತ್ತನ್ನು ಒಂದು ಹೆಚ್ಚಿಗೆ ಇಟ್ಟರಾಯಿತು.

ಅಂಟುವಾಳದ ನೀರಿಗೂ ಇದೇ ಲೆಕ್ಕ. ಕಾಯಿಂದ ಬಂದದ್ದಾದರೂ ಅದು ನೊರೆ ಬರುವ ವಸ್ತುವೇ. ಬಟ್ಟೆಯಲ್ಲಿ ಉಳಿಯಬಾರದು.

ತಪ್ಪು ಕಲ್ಪನೆ 5: ಪೆಟ್ಟಿಗೆಯಲ್ಲಿಟ್ಟ ಹಳೆಯ ಸೀರೆ ಒಂದು ಸಲ ಒಗೆದರೆ ಮಗುವಿಗೆ ಸಾಕು

ಸತ್ಯ: ಹಳೆಯ ಹತ್ತಿ ಸೀರೆ ಒಳ್ಳೆಯ ಬಟ್ಟೆಯೇ, ಜೊತೆಗೆ ಡಾಂಬರು ಗುಳಿಗೆ ಇಡದಿದ್ದರೆ. ಆ ಗುಳಿಗೆಯಲ್ಲಿರುವ ನ್ಯಾಫ್ತಲೀನ್ ನೀರಲ್ಲಿ ಕರಗುವುದಿಲ್ಲ ಎನ್ನಬಹುದು, ಹಾಗಾಗಿ ಒಗೆದರೂ ಪೂರ್ತಿ ಹೋಗುವ ಭರವಸೆಯಿಲ್ಲ. ಎಣ್ಣೆಯಲ್ಲಿ ಮಾತ್ರ ಚೆನ್ನಾಗಿ ಕರಗುತ್ತದೆ. ಎಣ್ಣೆ ಹಚ್ಚಿ ನೀವಿದ ಮಗುವಿಗೆ ಅಂಥ ಬಟ್ಟೆ ಸುತ್ತಿದರೆ ಅದು ಚರ್ಮದೊಳಗೆ ಹೋಗುವುದು ಇನ್ನೂ ಸುಲಭ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದ ಇರುವ ಶಿಶುಗಳಲ್ಲಿ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರುತ್ತದೆ. ಈ ಕೊರತೆ ಇದೆಯೆಂದು ರಕ್ತ ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲ. ಗುಳಿಗೆಯ ವಾಸನೆ ಇರುವ ಬಟ್ಟೆಯನ್ನು ಹಸುಗೂಸಿಗೆ ಬಳಸಲೇಬೇಡಿ.

ಇಷ್ಟೆಲ್ಲ ಮಾಡಿಯೂ ಮಗುವಿನ ಚರ್ಮ ಕೆಂಪಾದರೆ ಎಲ್ಲಿ ಕೆಂಪಾಗಿದೆ ನೋಡಿ. ಬಟ್ಟೆ ಉಜ್ಜುವ ಉಬ್ಬು ಜಾಗಗಳಲ್ಲಿ ಕೆಂಪಾಗಿ, ತೊಡೆಸಂದಿನ ಮಡಿಕೆ ಚೆನ್ನಾಗಿದ್ದರೆ ತೇವವೋ ಸೋಪೋ ಕಾರಣವಿರಬಹುದು. ಬೇಗಬೇಗ ಬಟ್ಟೆ ಬದಲಿಸಿ, ಇನ್ನೊಂದು ಸಲ ಜಾಲಿಸಿ ನೋಡಿ. ಮಡಿಕೆಯೊಳಗೇ ಗಾಢ ಕೆಂಪಾಗಿ ಸುತ್ತ ಸಣ್ಣ ಚುಕ್ಕೆಗಳೆದ್ದಿದ್ದರೆ ಅದು ಸಾಮಾನ್ಯವಾಗಿ ಶಿಲೀಂಧ್ರ. ಒಗೆತದಿಂದ ವಾಸಿಯಾಗದು, ಮುಲಾಮು ಬೇಕು. ಎರಡು ಮೂರು ದಿನದಲ್ಲಿ ಇಳಿಯದಿದ್ದರೆ, ಕೀವು ಅಥವಾ ಜ್ವರ ಬಂದರೆ ಸೋಪು ಬದಲಿಸುತ್ತಾ ಕೂರದೆ ಮಕ್ಕಳ ವೈದ್ಯರಿಗೆ ತೋರಿಸಿ.