ಮೇಜಿನ ಮೇಲಿದ್ದರೆ ಸರಿ, ತೊಡೆಯ ಮೇಲಿಟ್ಟರೆ ರೀಸ್ಟಾರ್ಟ್

“ಮೇಜಿನ ಮೇಲಿದ್ರೆ ಏನೂ ತೊಂದ್ರೆ ಇಲ್ಲ ಸಾರ್. ತೊಡೆ ಮೇಲೆ ಇಟ್ಕೊಂಡ್ರೆ ಪಟ್ ಅಂತ ಆಫ್ ಆಗಿ ಮತ್ತೆ ಆನ್ ಆಗತ್ತೆ.”

ಬೆಂಗಳೂರಿನ ಎಸ್.ಪಿ. ರಸ್ತೆಯ ನಮ್ಮ ರಿಪೇರಿ ಅಂಗಡಿಗೆ ಬಂದಿದ್ದ ಉಪನ್ಯಾಸಕಿಯೊಬ್ಬರು ಹೇಳಿದ್ದು ಇಷ್ಟೇ. ಹೀಟ್ ಇರಬೇಕು ಮೇಡಂ ಅಂದೆ. ತೊಡೆಯ ಮೇಲಿಟ್ಟರೆ ಬಟ್ಟೆ ಗಾಳಿಕಿಂಡಿಗೆ ಅಡ್ಡವಾಗುತ್ತದೆ, ಪ್ರೊಸೆಸರ್ 100 ಡಿಗ್ರಿಯ ಹತ್ತಿರ ಹೋದರೆ ಯಂತ್ರ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ದಿನಕ್ಕೆ ಇಂಥವು ಎರಡು ಮೂರು ಬರುತ್ತವೆ. ಕೆಲಸ ಕಲಿಯಲು ಬಂದು ನಾಲ್ಕು ತಿಂಗಳಾಗಿದ್ದ ಹುಡುಗ ಮಾತ್ರ ಮೇಡಂ ಹೇಳಿದ ಮಾತನ್ನು ಚೀಟಿಯಲ್ಲಿ ಹಾಗೇ ಬರೆದುಕೊಂಡ.

ಫ್ಯಾನಿನ ಧೂಳು ತೆಗೆದು, ಪ್ರೊಸೆಸರಿಗೆ ಹೊಸ ಪೇಸ್ಟ್ ಹಚ್ಚಿದೆ. ಶಾಖ 70 ಡಿಗ್ರಿಗಿಂತ ಮೇಲೆ ಏರಲಿಲ್ಲ. ಕೈಗೆತ್ತಿಕೊಂಡೆ, ರೀಸ್ಟಾರ್ಟ್. ರ‍್ಯಾಮ್ ಬದಲಿಸಿ ನೋಡಿದೆ, ಮತ್ತೆ ಅದೇ.

“ಅಣ್ಣಾ, ಹೀಟ್ ಆದ್ರೆ ಸ್ವಲ್ಪ ಹೊತ್ತಾದ್ರೂ ಬೇಕಲ್ವಾ? ಇದು ಎತ್ತಿದ ತಕ್ಷಣ ಹೋಗ್ತಿದೆ” ಅಂದ ಹುಡುಗ. ಅವನು ಹೇಳಿದ್ದು ಸರಿ. ಯಂತ್ರವನ್ನು ಅವನ ಮೇಜಿಗೆ ಸರಿಸಿದೆ.

ಮೊದಲು ಅವನು ವಿಂಡೋಸಿನ ಈವೆಂಟ್ ವ್ಯೂವರ್ ತೆರೆದ. ಕಂಪ್ಯೂಟರ್ ಕ್ರಮವಾಗಿ ಬಂದ್ ಆಗದೆ ನಿಂತಾಗಲೆಲ್ಲ ಅಲ್ಲಿ `Kernel-Power` ಹೆಸರಿನಲ್ಲಿ 41 ಎಂಬ ಸಂಖ್ಯೆಯ ದಾಖಲೆ ಬೀಳುತ್ತದೆ. ಅದರೊಳಗೆ `BugcheckCode` ಎಂಬ ಸಾಲಿದೆ. ತಂತ್ರಾಂಶ ಕೆಟ್ಟು ನೀಲಿ ಪರದೆ ಬಂದಿದ್ದರೆ ಸಾಮಾನ್ಯವಾಗಿ ಅಲ್ಲೊಂದು ಸಂಖ್ಯೆ ಇರುತ್ತದೆ. ಇಲ್ಲಿ ಎಲ್ಲ ದಾಖಲೆಗಳಲ್ಲೂ 0. ಏನಾಯಿತೆಂದು ಬರೆದಿಡಲು ವಿಂಡೋಸಿಗೆ ಪುರಸೊತ್ತೇ ಸಿಕ್ಕಿರಲಿಲ್ಲ. ಆಮೇಲೆ ವಿಂಡೋಸಿಗೇ ಹೋಗದೆ ಬಯೋಸ್ ಪರದೆಯಲ್ಲಿ ನಿಲ್ಲಿಸಿ ಲ್ಯಾಪ್‌ಟಾಪನ್ನು ಓರೆ ಮಾಡಿದ. ಅಲ್ಲೂ ರೀಸ್ಟಾರ್ಟ್ ಆಯಿತು. ತಂತ್ರಾಂಶದ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು.

ಅಲುಗಾಡಿದಾಗ ಕೆಡುವ ಯಂತ್ರದಲ್ಲಿ ಬ್ಯಾಟರಿಯ ಸಡಿಲ ಕನೆಕ್ಟರ್ ಅಥವಾ ಚಾರ್ಜರ್ ಪಿನ್ನೂ ಕಾರಣವಿರಬಹುದು. ಅದಕ್ಕೆ ಬ್ಯಾಟರಿ ಬಿಚ್ಚಿ ಬರೀ ಚಾರ್ಜರಿನಲ್ಲಿ, ಚಾರ್ಜರ್ ಕಿತ್ತು ಬರೀ ಬ್ಯಾಟರಿಯಲ್ಲಿ ನಡೆಸಿ ನೋಡಿದ. ಎರಡರಲ್ಲೂ ಒಂದೇ ಹಾಡು.

ಕೊನೆಗೆ ಬ್ಯಾಟರಿಯ ಕನೆಕ್ಟರ್ ತೆಗೆದು, ಉಳಿದ ಕರೆಂಟ್ ಇಳಿಯಲೆಂದು ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿದ. ನಾನು ನೋಡಿಯೂ ದಾಟಿಹೋಗಿದ್ದ ಒಂದು ಸಂಗತಿಯ ಮೇಲೆ ಅವನ ಕಣ್ಣು ನಿಂತಿತು. ಎಸ್‌ಎಸ್‌ಡಿಯ ತುದಿಯನ್ನು ಟೇಪಿನಿಂದ ಅಂಟಿಸಿದ್ದರು. ಅದನ್ನು ಹಿಡಿಯಬೇಕಾದ ಸ್ಕ್ರೂವಿನ ತೂತು ಖಾಲಿ.

“ಈ ಸ್ಕ್ರೂ ಎಲ್ಲಿ ಹೋಯ್ತಣ್ಣಾ?”

ಮೇಡಂಗೆ ಫೋನ್ ಮಾಡಿದೆವು. ಎರಡು ತಿಂಗಳ ಹಿಂದೆ ಬೇರೆ ಕಡೆ ಎಸ್‌ಎಸ್‌ಡಿ ಹಾಕಿಸಿದ್ದರಂತೆ, ತೊಂದರೆ ಶುರುವಾದದ್ದೂ ಆಮೇಲೆಯೇ. ಹುಡುಗ ಲ್ಯಾಪ್‌ಟಾಪನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ವಾಲಿಸಿದ. ಅಕ್ಕಿಕಾಳು ಉರುಳಿದಂಥ ಸದ್ದು. ಕರೆಂಟ್ ಇರುವಾಗ ಮಾತ್ರ ಹೀಗೆ ಅಲ್ಲಾಡಿಸಬಾರದು.

ಫ್ಯಾನ್, ಪಟ್ಟಿ ಕೇಬಲ್‌ಗಳನ್ನು ಬಿಚ್ಚಿ ಮದರ್‌ಬೋರ್ಡ್ ಎತ್ತಿದಾಗ ಅದು ಸಿಕ್ಕಿತು. 2 ಮಿಲಿಮೀಟರ್ ದಪ್ಪ, 3 ಮಿಲಿಮೀಟರ್ ಉದ್ದದ ಸ್ಕ್ರೂ, ಬೋರ್ಡಿನ ಬೆನ್ನಿಗೂ ಕೀಬೋರ್ಡಿನ ತಗಡಿಗೂ ನಡುವೆ.

ಬೋರ್ಡಿನ ಮೇಲೆಲ್ಲ ಕರೆಂಟ್ ತಾಗದಂತೆ ಬಣ್ಣದ ಲೇಪವಿರುತ್ತದೆ. ಆದರೆ ಬೆಸುಗೆಯ ಚುಕ್ಕೆಗಳು ಬೆತ್ತಲೆ. ಆ ಕಡೆ ಕೀಬೋರ್ಡಿನ ತಗಡು ಗ್ರೌಂಡ್‌ಗೆ ಸೇರಿರುತ್ತದೆ. ಸ್ಕ್ರೂ ಅಲ್ಲೊಂದು ಚುಕ್ಕೆಗೂ ತಗಡಿಗೂ ಏಕಕಾಲಕ್ಕೆ ತಾಗಿದರೆ ಆ ಚುಕ್ಕೆಯ ವೋಲ್ಟೇಜ್ ಸೊನ್ನೆಗೆ ಬೀಳುತ್ತದೆ. ಬೋರ್ಡಿನಲ್ಲಿ ರೀಸೆಟ್‌ನ ಗೆರೆಯೊಂದು ಇದೆ. ಅದರ ವೋಲ್ಟೇಜ್ ಸೊನ್ನೆಗೆ ಬಿದ್ದರೆ ಮೊದಲಿನಿಂದ ಶುರು ಮಾಡು ಎಂದೇ ಯಂತ್ರಕ್ಕೆ ಅರ್ಥ. ಸ್ಕ್ರೂ ಸಿಕ್ಕ ಜಾಗದಲ್ಲಿ ಗೀರು ಬಿದ್ದಿದ್ದ ಚುಕ್ಕೆಯನ್ನು ಬೋರ್ಡಿನ ನಕ್ಷೆಯಲ್ಲಿ ಹುಡುಕಿದರೆ ಅದು ಆ ಗೆರೆಯದ್ದೇ ಆಗಿತ್ತು. ಮೇಜಿನ ಮೇಲೆ ಸಮವಾಗಿದ್ದಾಗ ಸ್ಕ್ರೂ ಅಲ್ಲಿಂದ ದೂರ ಬಿದ್ದಿರುತ್ತಿತ್ತು, ವಾಲಿಸಿದರೆ ಉರುಳಿ ಬರುತ್ತಿತ್ತು.

ಮೇಡಂ ಅದೃಷ್ಟ ಚೆನ್ನಾಗಿತ್ತು. ಚಾರ್ಜರಿನ 19 ವೋಲ್ಟ್ ಬರುವ ಜಾಗವನ್ನು ಅದೇ ಸ್ಕ್ರೂ 3.3 ವೋಲ್ಟ್‌ನ ಗೆರೆಗೆ ಜೋಡಿಸಿದ್ದರೆ ಒಂದೇ ಕ್ಷಣದಲ್ಲಿ ಚಿಪ್‌ಗಳು ಸುಟ್ಟುಹೋಗುತ್ತಿದ್ದವು. ಹಾಗೆ ಸತ್ತ ಬೋರ್ಡ್‌ಗಳನ್ನು ನಾನು ಕಂಡಿದ್ದೇನೆ. ಅದಕ್ಕೇ ಜೋಡಿಸುವ ಮೊದಲು ಮುಖ್ಯ ಗೆರೆಗಳಲ್ಲಿ ಎಲ್ಲಾದರೂ ಶಾರ್ಟ್ ಇದೆಯೇ ಎಂದು ಮೀಟರಿನಲ್ಲಿ ನೋಡಿದೆವು. ಇರಲಿಲ್ಲ.

ಹುಡುಗ ಟೇಪ್ ಸುಲಿದು, ಅಂಟನ್ನು ಒರೆಸಿ, ಸಿಕ್ಕ ಸ್ಕ್ರೂವನ್ನೇ ಎಸ್‌ಎಸ್‌ಡಿಗೆ ಹಾಕಿದ. ಎರಡು ಗಂಟೆ ಓಡಿಸಿ, ನಾಲ್ಕೂ ದಿಕ್ಕಿಗೆ ವಾಲಿಸಿ ನೋಡಿದ. ಸಂಜೆ ಮೇಡಂ ಬಂದಾಗ ಮಾತಾಡದೆ ಸ್ಟೂಲ್ ಎಳೆದು ಕೊಟ್ಟ. ಅವರು ಕೂತು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡರು.